ಹಾಸನದಲ್ಲಿ ಬೆಳೆದ ರೊಬೊಟಿಕ್ಸ್

ವಿದೇಶದ ಎಂ.ಎಸ್. ಅರ್ಜಿಗೆ ಬರೆದ ಉದ್ದೇಶಪತ್ರವನ್ನು ಹಾಸನದ ಹುಡುಗ ಅತ್ತೆಗೆ ತೋರಿಸಿದ. ಅತ್ತೆ ನಿವೃತ್ತ ಇಂಗ್ಲಿಷ್ ಮೇಡಂ. ಮೊದಲ ಸಾಲು: ‘ಗ್ರೋಯಿಂಗ್ ಅಪ್ ಇನ್ ಹಾಸನ್, ರೊಬೊಟಿಕ್ಸ್ ಫ್ಯಾಸಿನೇಟೆಡ್ ಮಿ.’

“ಹಾಸನದಲ್ಲಿ ಬೆಳೆದದ್ದು ನೀನೋ, ರೊಬೊಟಿಕ್ಸೋ?”

ಅಲ್ಪವಿರಾಮದ ಹಿಂದಿನ ತುಣುಕಿಗೆ ಸ್ವಂತ ಕರ್ತೃವಿಲ್ಲ. ಹಾಗಾಗಿ ವಿರಾಮ ದಾಟಿದೊಡನೆ ಸಿಕ್ಕ ಕರ್ತೃವಿನ ಕೈ ಹಿಡಿಯುತ್ತದೆ. ಅಲ್ಲಿ ‘ಐ’ ಕೂತರೆ ಸಾಲು ಸರಿ: ‘ಗ್ರೋಯಿಂಗ್ ಅಪ್ ಇನ್ ಹಾಸನ್, ಐ ವಾಸ್ ಫ್ಯಾಸಿನೇಟೆಡ್ ಬೈ ರೊಬೊಟಿಕ್ಸ್.’

ಮುಂದಿನ ಸಾಲು: ‘ಐ ನಿಯರ್ಲಿ ಟೆಸ್ಟೆಡ್ 200 ಸೆನ್ಸರ್ಸ್.’

“ಇನ್ನೇನು ಪರೀಕ್ಷೆ ಮಾಡೋದರಲ್ಲಿದ್ದೆ, ಮಾಡಲಿಲ್ಲ ಅಂತಾಯ್ತಲ್ಲೋ!”

ಹುಡುಗ ಕಂಗಾಲು. ಅತ್ತೆ ‘ನಿಯರ್ಲಿ’ಯನ್ನು ಎತ್ತಿ 200ರ ಪಕ್ಕಕ್ಕೆ ಕೂರಿಸಿದರು: ‘ಐ ಟೆಸ್ಟೆಡ್ ನಿಯರ್ಲಿ 200 ಸೆನ್ಸರ್ಸ್.’ ಅವನ ಆರು ತಿಂಗಳ ದುಡಿಮೆ ಅವನಿಗೆ ವಾಪಸು ಸಿಕ್ಕಿತು.