ತಂತಿ ಮಾವ

ಹೆಣ್ಣುಮಕ್ಕಳಿರುವ ಮನೆಯಲ್ಲಿ ಇಂಥ ಅಪ್ಪ ಒಬ್ಬರಾದರೂ ಇರುತ್ತಾರೆ. ಮಗಳ ಫೋನು ಬಂದರೆ ಮೊದಲು ಎತ್ತುವವರು ಅವರೇ. ಎತ್ತಿ, "ಹ್ಞಾ... ಊಟ ಆಯ್ತಾ? ಸರಿ, ಅಮ್ಮಂಗೆ ಕೊಡ್ತೀನಿ" ಎಂದು ಹತ್ತು ಸೆಕೆಂಡಿನಲ್ಲಿ ಕೈ ಬಿಡುವವರೂ ಅವರೇ. ಹಾಗಂತ ಅಲ್ಲಿಂದ ಎದ್ದು ಹೋಗುವುದಿಲ್ಲ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಅಲ್ಲೇ ಕೂತಿರುತ್ತಾರೆ. ಅಮ್ಮ ಮಗಳ ಮಾತು ಸೀರೆ, ನಾದಿನಿ, ಕೆಲಸದವಳು ಎಲ್ಲ ಮುಗಿಸಿಕೊಂಡು ಇನ್ನೇನು ನಿಲ್ಲಬೇಕು ಅನ್ನುವಾಗ ಪೇಪರಿನ ಹಿಂದಿನಿಂದ ಒಂದು ಧ್ವನಿ ಬರುತ್ತದೆ: "ಗೀಸರ್ ರಿಪೇರಿ ಆಯ್ತಾ ಕೇಳು."

ನನ್ನ ಸೋದರಮಾವ ಈ ಜಾತಿಯವರಲ್ಲಿ ಅಗ್ರಗಣ್ಯರು. ಅವರಿಗೆ ಮಾತು ಕಡಿಮೆಯಾಗಲು ಸ್ವಭಾವ ಎಷ್ಟು ಕಾರಣವೋ ನೌಕರಿಯೂ ಅಷ್ಟೇ ಕಾರಣ. ಅಂಚೆ ಮತ್ತು ತಂತಿ ಇನ್ನೂ ಒಂದೇ ಇಲಾಖೆಯಾಗಿದ್ದ ಕಾಲದಲ್ಲಿ ಹಾಸನದ ತಂತಿ ಕಚೇರಿಗೆ ಸೇರಿದವರು. ನೆಂಟರ ಪೈಕಿ ಇನ್ನೂ ಮೂರು ಮಂದಿ ಮಾವಂದಿರಿದ್ದುದರಿಂದ ನಮಗೆಲ್ಲ ಇವರು 'ತಂತಿ ಮಾವ'. ತಂತಿಯಲ್ಲಿ ಮಾತಿಗೆ ಕಾಸು. ಹಳ್ಳಿಯವರು ಕೌಂಟರಿನ ಮುಂದೆ ನಿಂತು ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡಾಗ ಅದನ್ನು ಏಳೆಂಟು ಪದಕ್ಕೆ ಇಳಿಸಿ ಅವರ ದುಡ್ಡು ಉಳಿಸಿಕೊಡುವುದರಲ್ಲಿ ಮಾವನದು ಎತ್ತಿದ ಕೈ. ಜೊತೆಗೆ 1885ರ ಟೆಲಿಗ್ರಾಫ್ ಕಾಯ್ದೆ ಬೇರೆ. ತಂತಿಯೊಳಗಿನ ಸಮಾಚಾರವನ್ನು ಸಿಬ್ಬಂದಿ ಹೊರಗೆ ಬಾಯಿಬಿಟ್ಟರೆ ಶಿಕ್ಷೆ. ಮಾವ ಆ ಕಾಯ್ದೆಯನ್ನು ತಮ್ಮ ಮನಸ್ಸಿನೊಳಗಿನ ಸಮಾಚಾರಕ್ಕೂ ಅನ್ವಯಿಸಿಕೊಂಡು ಬಿಟ್ಟರು.

ಶುಭಾಶಯ ಹೇಳುವುದಕ್ಕಂತೂ ಇಲಾಖೆಯೇ ಅವರಂಥವರಿಗೆ ಒಂದು ರಾಜಮಾರ್ಗ ಮಾಡಿಕೊಟ್ಟಿತ್ತು. ಸಿದ್ಧ ವಾಕ್ಯಗಳ ಒಂದು ಪಟ್ಟಿ, ಒಂದೊಂದಕ್ಕೂ ಒಂದೊಂದು ನಂಬರು. ಕಳಿಸುವವರು ನಂಬರು ಬರೆದರೆ ಸಾಕು, ಕಚೇರಿಯವರು ತಂತಿಯಲ್ಲಿ ಕಳಿಸುವುದೂ ಬರೀ ನಂಬರನ್ನೇ. ಆ ಕಡೆಯ ಕಚೇರಿಯಲ್ಲಿ ಪೂರಾ ವಾಕ್ಯವನ್ನು ಬಣ್ಣದ ಫಾರಂ ಮೇಲೆ ಇಳಿಸಿ ಮನೆಗೆ ತಲುಪಿಸುತ್ತಿದ್ದರು. ಒಂದು ಅಂದರೆ ದೀಪಾವಳಿ. ಐದು ಅಂದರೆ 'ಮೆನಿ ಹ್ಯಾಪಿ ರಿಟರ್ನ್ಸ್ ಆಫ್ ದಿ ಡೇ'. ಎಂಟು ಅಂದರೆ ದೀರ್ಘ ಸುಖ ದಾಂಪತ್ಯದ ಹಾರೈಕೆ. ಮದುವೆ ಮನೆಗೆ ಬಂದ ಹತ್ತು ತಂತಿ ಒಡೆದರೆ ಹತ್ತರಲ್ಲೂ ಅದೇ ವಾಕ್ಯ ಇರುತ್ತಿದ್ದದ್ದು ಈ ಎಂಟರ ಮಹಿಮೆ. ಮಗಳು ಸುಮಾ ಹಾಸ್ಟೆಲಿನಲ್ಲಿದ್ದಷ್ಟು ವರ್ಷವೂ ಮಾವ ಪ್ರತಿ ಹುಟ್ಟುಹಬ್ಬಕ್ಕೂ ಒಂದು ಐದು ಹಾಕಿ ಕರ್ತವ್ಯ ಮುಗಿಸಿದರು. ಮೊಬೈಲು ಬಂದ ಮೇಲೂ ಚಾಳಿ ಬಿಡಲಿಲ್ಲ. ಆ ದಿನ ಬೆಳಿಗ್ಗೆ ಅವಳಿಗೆ ಒಂದು ಎಸ್ಸೆಮ್ಮೆಸ್ಸು: '5. ಅಪ್ಪ.' ನೋಡಿದ ಗೆಳತಿಯರು ಐದು ಸಾವಿರ ಕಳಿಸಿದ್ದಾರೆ ಅಂದುಕೊಂಡಿದ್ದುಂಟು.

2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು. ನಂಬರುಗಳು ನಿವೃತ್ತಿಯಾದವು, ಮಾವನೂ ಆದರು. ಆಮೇಲೆ ಬಂದದ್ದು ವಾಟ್ಸಾಪಿನ ಫ್ಯಾಮಿಲಿ ಗ್ರೂಪು. ಅಲ್ಲಿ ಮಾತಿಗೆ ಕಾಸಿಲ್ಲ, ಹಾಗಾಗಿ ಲೆಕ್ಕವೂ ಇಲ್ಲ.

ಈ ಸಲ ಸುಮಾಳಿಗೆ ನಲವತ್ತು ತುಂಬಿದ ದಿನ ನಾನು ಹಾಸನದಲ್ಲೇ ಇದ್ದೆ. ಬೆಳಿಗ್ಗೆ ಏಳಕ್ಕೇ ಗ್ರೂಪಿನಲ್ಲಿ ಕೇಕು, ಗುಲಾಬಿ, ದೇವರ ಪಟ, ಕುಣಿಯುವ ಕರಡಿ ಎಲ್ಲ ಬಂದು ಬಿದ್ದಿದ್ದವು. "ಎಲ್ರೂ ಹಾಕಿದಾರೆ, ಹೆತ್ತಪ್ಪಂದೇ ಇಲ್ಲ. ಮಗಳಿಗೆ ನಲವತ್ತಾಯ್ತು, ಈ ವರ್ಷವಾದ್ರೂ ನಾಲ್ಕು ಮಾತು ಬರೀರಿ" ಎಂದು ಅತ್ತೆ ಕಾಫಿ ಲೋಟದ ಜೊತೆಗೆ ಆಜ್ಞೆಯನ್ನೂ ಇಟ್ಟು ಹೋದರು. ಮಾವ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಪೆನ್ಸಿಲು ಚೂಪು ಮಾಡಿ, ಹಿಂಬದಿಯಲ್ಲಿ ಕರಡು ಬರೆದರು:

'ಪ್ರೀತಿಯ ಮಗಳು ಸುಮಾಗೆ ನಲವತ್ತನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ದೇವರು ಆಯುರಾರೋಗ್ಯ ಕೊಟ್ಟು ಕಾಪಾಡಲಿ. ಇಂತಿ, ನಿನ್ನ ಪ್ರೀತಿಯ ತಂದೆ.'

"ಚೆನ್ನಾಗಿದೆ ಮಾವ, ಕಳಿಸಿ" ಅಂದೆ.

"ತಡಿಯೋ, ಉದ್ದ ಆಯ್ತು" ಅಂದವರೇ ಹೊಡೆದುಹಾಕಲು ಶುರುಮಾಡಿದರು. 'ಪ್ರೀತಿಯ' ಎರಡು ಸಲ ಬಂದಿತ್ತು. ಒಂದನ್ನು ಹೊಡೆದರು. ಒಂದು ಹೋದ ಮೇಲೆ ಇನ್ನೊಂದು ಒಂಟಿಯಾಗಿ ಎದ್ದು ಕಾಣುತ್ತದೆಂದು ಅದನ್ನೂ ಹೊಡೆದರು. 'ಮಗಳು': "ಅದು ಅವಳಿಗೆ ಗೊತ್ತಿಲ್ವಾ?" 'ನಲವತ್ತನೇ': "ಹೆಣ್ಣುಮಕ್ಕಳ ವಯಸ್ಸು ಬರೀಬಾರದು." 'ಹಾರ್ದಿಕ': "ಫ್ಲೆಕ್ಸಿನಲ್ಲಿ ಕೈ ಮುಗಿಯೋರು ಹಾಕ್ಕೊಳ್ಳೋ ಪದ." 'ದೇವರು': "ಅವನಿಗೆ ನಿಮ್ಮತ್ತೆ ಬೆಳಿಗ್ಗೇನೇ ಹೇಳಿ ಆಗಿದೆ." ಕೊನೆಗೆ ಉಳಿದದ್ದು: 'ಸುಮಾ. ಶುಭಾಶಯ. ಅಪ್ಪ.'

ಅತ್ತೆ ಬಂದು ನೋಡಿ ಹಣೆ ಚಚ್ಚಿಕೊಂಡರು. "ಏನ್ರೀ ಇದು, ನೀರಿನ ಬಿಲ್ಲಾ? ಮನಸ್ಸಲ್ಲಿರೋದು ಏನಾದ್ರೂ ಬರೀರಿ."

ಮಾವ ಯೋಚಿಸಿ, ಮನಸ್ಸಲ್ಲಿದ್ದದ್ದನ್ನೇ ಬರೆದರು: 'ಗಾಡಿ ಇನ್ಶೂರೆನ್ಸ್ ಇದೇ 28ಕ್ಕೆ ಮುಗಿಯುತ್ತೆ.' ಇದನ್ನು ನೋಡಿ ನಕ್ಕರೆ ಈ ಅಪ್ಪಂದಿರ ಪರಿಚಯ ನಿಮಗಿಲ್ಲ ಅಂತಲೇ ಅರ್ಥ. ಪುಣೆಯಲ್ಲಿರುವ ಮಗಳ ಕಾರಿನ ಇನ್ಶೂರೆನ್ಸು, ಗ್ಯಾಸ್ ಪೈಪು ಬದಲಿಸಬೇಕಾದ ವರ್ಷ, ಮೊಮ್ಮಗನ ಲಸಿಕೆ, ಇವೆಲ್ಲದರ ತಾರೀಕು ಮಾವನ ಡೈರಿಯಲ್ಲಿವೆ. ಯಾರೂ ಬರೆದಿಡಲು ಹೇಳಿದ್ದಲ್ಲ.

ಆಮೇಲೆ ಬಹಳ ಹೊತ್ತು ಪೆನ್ಸಿಲಿನ ಹಿಂಬದಿ ಕಚ್ಚುತ್ತಾ ಕೂತರು. ಕಾಫಿ ಆರಿ ಕೆನೆ ಕಟ್ಟಿತು. ಆ ಮೇಲೆ ಇನ್ನೊಂದು ಸಾಲು ಬಂತು: 'ನೀನು ಫೋನು ಮಾಡಿದ ದಿನ ನಿಮ್ಮಮ್ಮ ಖುಷಿಯಾಗಿರ್ತಾಳೆ.' ಇಂಥ ಅಪ್ಪಂದಿರು ಯಾವತ್ತೂ ಹೆಂಡತಿಯ ಹೆಸರಿನಲ್ಲೇ ವ್ಯವಹಾರ ಮಾಡುವವರು. ನೆನಪಾದರೆ 'ನಿಮ್ಮಮ್ಮ ನೆನೆಸ್ಕೋತಿದ್ಲು', ನೋಡಬೇಕೆನಿಸಿದರೆ 'ನಿಮ್ಮಮ್ಮ ಯಾವಾಗ ಬರ್ತಾಳೆ ಅಂತಿದ್ಲು'. ಹಾಗಾಗಿ ನನಗೇನೂ ಆಶ್ಚರ್ಯವಾಗಲಿಲ್ಲ. ಆದರೆ ಪೆನ್ಸಿಲು ಅಲ್ಲಿಗೆ ನಿಲ್ಲಲಿಲ್ಲ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಪದ ಬರೆಯಿತು: 'ನಾನೂ.'

ಬರೆದದ್ದನ್ನು ಹೊಡೆದುಹಾಕಲು ಪೆನ್ಸಿಲು ಎರಡು ಸಲ ಅದರ ತನಕ ಬಂತು. ಎರಡು ಸಲವೂ ಹಾಳೆ ಮುಟ್ಟದೆ ವಾಪಸು ಹೋಯಿತು. 'ಪ್ರೀತಿಯ'ವನ್ನು ಮುಲಾಜಿಲ್ಲದೆ ತೆಗೆದ ಮನುಷ್ಯ, ದೇವರನ್ನೂ ಬಿಡದ ಮನುಷ್ಯ, ಇದೊಂದನ್ನು ಉಳಿಸಿಕೊಂಡರು. ತೋರುಬೆರಳೊಂದರಲ್ಲೇ ಅಕ್ಷರ ಹುಡುಕಿ ಹುಡುಕಿ ಒತ್ತಿ, ಗ್ರೂಪಿಗೆ ಹಾಕದೆ, ಅವಳೊಬ್ಬಳಿಗೇ ಕಳಿಸಿದರು. ಕೆಳಗೆ 'ಅಪ್ಪ' ಎಂದು ರುಜು ಮಾಡುವುದನ್ನು ಮರೆಯಲಿಲ್ಲ. ಹೆಸರು ಮೇಲೇ ಕಾಣುತ್ತೆ ಅಂದರೆ, "ಕಳಿಸಿದವರ ಹೆಸರಿಲ್ಲದೆ ಮೆಸೇಜು ಹೋಗಬಾರದು ಕಣೋ" ಅಂದರು.

ಸ್ವಲ್ಪ ಹೊತ್ತಿಗೆ ಪುಣೆಯಿಂದ ಉತ್ತರ ಬಂತು. ಅಕ್ಷರದಲ್ಲಲ್ಲ, ಧ್ವನಿಯಲ್ಲಿ, ಐದಾರು ನಿಮಿಷದಷ್ಟು ಉದ್ದ. ಮಾವ ಫೋನನ್ನು ಕಿವಿಗೊತ್ತಿಕೊಂಡು ಹಿತ್ತಲಿಗೆ ಹೋದರು. ಐದಾರು ನಿಮಿಷದ್ದನ್ನು ಕೇಳಿ ಮುಗಿಸಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ಒಳಗೆ ಬಂದು, ಕೂತು, ಮಗಳಿಗೆ ಒಂದು ಪದದ ಉತ್ತರ ಒತ್ತಿದರು: 'ತಲುಪಿತು.'

ಅತ್ತೆಗೆ ತಡೆಯಲಾಗಲಿಲ್ಲ. "ಏನಂದ್ಲು ರೀ?"

"ಇನ್ಶೂರೆನ್ಸ್ ಕಟ್ಟಿದಾಳಂತೆ."

"ಅಷ್ಟು ಹೊತ್ತೂ ಅದನ್ನೇ ಹೇಳಿದ್ಲಾ?"

ಮಾವ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. "ಮಿಕ್ಕಿದ್ದು ಹೊರಗೆ ಹೇಳೋ ಹಾಗಿಲ್ಲ ಕಣೇ. ಕಾಯ್ದೆ ಇದೆ."