ಫೋಟೋದಲ್ಲೇ ಭಾರ ಇಳಿಸುವ ದೊಡ್ಡಪ್ಪ

ಮಗನನ್ನೋ ಮಗಳನ್ನೋ ಓದಿಗಾಗಿ ಅಮೆರಿಕೆಗೆ ಕಳಿಸುವ ಕನ್ನಡ ಕುಟುಂಬಗಳಲ್ಲಿ, ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಪೂರ್ಣ ಪ್ರಭಾವದಿಂದ ಬೆಳಗುವ ಒಬ್ಬ ಹಿರಿಯರಿರುತ್ತಾರೆ. ಇವರು ಬಹುಮಟ್ಟಿಗೆ ಬೇರೆ ಊರಿನಲ್ಲಿದ್ದು, ಬ್ಯಾಂಕಿನಿಂದಲೋ ಸರ್ಕಾರಿ ಕಚೇರಿಯಿಂದಲೋ ನಿವೃತ್ತರಾಗಿ, ಒಮ್ಮೆ ಮಗಳ ಬಾಣಂತನಕ್ಕೆಂದು ಸಮುದ್ರ ದಾಟಿ ಬಂದವರಾಗಿರುತ್ತಾರೆ. ತೆರೆದ ಸೂಟ್‌ಕೇಸಿನ ಚಿತ್ರವೊಂದು ಕುಟುಂಬದ ವಾಟ್ಸಾಪ್ ಗುಂಪಿಗೆ ಬಿದ್ದ ಕೂಡಲೇ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, ಯಾವುದನ್ನು ತೆಗೆದರೆ ಎಷ್ಟು ಭಾರ ಇಳಿಯುತ್ತದೆಂದು ಹೇಳಬಲ್ಲೆನೆಂಬ ನಂಬಿಕೆಯೇ ಇವರ ಲಕ್ಷಣ. ಈ ವರ್ಗವನ್ನು ಚಿತ್ರತೂಕಜ್ಞರೆಂದು ಕರೆಯಬಹುದು. ನೆಂಟಸ್ತಿಕೆಯಲ್ಲಿ ಇವರು ಮಾವನೋ ಚಿಕ್ಕಪ್ಪನೋ ಆಗಿರಬಹುದಾದರೂ ದೊಡ್ಡಪ್ಪಂದಿರ ಸಂಖ್ಯೆಯೇ ಹೆಚ್ಚೆಂದು ತೋರುತ್ತದೆ.

ಇವರ ಕಾರ್ಯಕ್ಷೇತ್ರವನ್ನು ತಿಳಿಯಲು ನಿಯಮವನ್ನು ಮೊದಲು ತಿಳಿಯಬೇಕು. ಭಾರತದಿಂದ ಅಮೆರಿಕೆಗೆ ಹೋಗುವ ಹಲವು ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ, ಕೌಂಟರಿನಲ್ಲಿ ಒಪ್ಪಿಸಿ ವಿಮಾನದ ಹೊಟ್ಟೆಗೆ ಹಾಕಿಸುವ ಚೆಕ್-ಇನ್ ಲಗೇಜಿಗೆ ಪೆಟ್ಟಿಗೆಯೊಂದಕ್ಕೆ 23 ಕಿಲೋ ಎಂಬ ಮಿತಿಯಿರುತ್ತದೆ. ಈ ಲೆಕ್ಕ ಪೆಟ್ಟಿಗೆಗೇ ಹೊರತು ಪ್ರಯಾಣಿಕನಿಗಲ್ಲ. ಆದ್ದರಿಂದ ಒಂದು ಪೆಟ್ಟಿಗೆ 26 ಕಿಲೋ, ಇನ್ನೊಂದು 20 ಕಿಲೋ ಇದ್ದರೆ ಒಟ್ಟು 46 ಸರಿಹೋಯಿತಲ್ಲ ಎಂಬ ವಾದ ಕೌಂಟರಿನಲ್ಲಿ ನಡೆಯುವುದಿಲ್ಲ. ಹೆಚ್ಚುವರಿ ಹಣ ತೆತ್ತರೂ 32 ಕಿಲೋ ದಾಟಿದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದನ್ನು ಎತ್ತಿ ಹಾಕುವ ಕೆಲಸಗಾರನ ಬೆನ್ನಿಗೂ ಒಂದು ಮಿತಿಯಿದೆ. ಚಿತ್ರತೂಕಜ್ಞರು ಇದರಲ್ಲಿ ಮೊದಲನೆಯ ಸಂಖ್ಯೆಯನ್ನು ಬಲ್ಲರು, ಉಳಿದುದನ್ನು “ಅಲ್ಲಿ ಹೋಗಿ ಸ್ವಲ್ಪ ಮಾತಾಡಿದರೆ ಬಿಡ್ತಾರೆ” ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ.

ಮೈಸೂರಿನ ಒಂದು ಮನೆಯ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹುಡುಗನ ಎರಡನೆಯ ಪೆಟ್ಟಿಗೆ ಆಗಲೇ 22.8 ಕಿಲೋ ತುಂಬಿದೆ, ತೊಂದರೆಯಿರುವುದು ಮೊದಲನೆಯದರಲ್ಲಿ. ಸೂಟ್‌ಕೇಸನ್ನು ನೇರವಾಗಿ ದೇಹತೂಕದ ಯಂತ್ರದ ಮೇಲೆ ಮಲಗಿಸಿದರೆ ಅಂಕಿಯೇ ಅದರಡಿ ಮುಚ್ಚಿಹೋಗುವುದರಿಂದ, ಹುಡುಗ ಮೊದಲು ತಾನೊಬ್ಬನೇ ನಿಂತು 61.2 ಎಂದೂ, ಪೆಟ್ಟಿಗೆ ಹಿಡಿದು ನಿಂತು 87.6 ಎಂದೂ ಓದಿ, ಕಳೆದು 26.4 ಕಿಲೋ ಎಂದು ಬರೆದಿಟ್ಟಿದ್ದಾನೆ. ಯಂತ್ರವನ್ನು ಗಟ್ಟಿ ನೆಲದ ಮೇಲಿಟ್ಟು ತೂಗಿದರೂ ಅರ್ಧ ಕಿಲೋ ಆಚೀಚೆಯಾಗಬಹುದೆಂದು ಗುರಿಯನ್ನು 22.5ಕ್ಕೆ ಇಟ್ಟುಕೊಂಡರೆ, ಇಳಿಯಬೇಕಾದದ್ದು 3.9 ಕಿಲೋ. ಈ ಘಟ್ಟದಲ್ಲಿ ತಾಯಿ ಚಿತ್ರ ತೆಗೆದು ಗುಂಪಿಗೆ ಕಳಿಸುತ್ತಾಳೆ, ಶಿವಮೊಗ್ಗದಲ್ಲಿ ದೊಡ್ಡಪ್ಪ ಕನ್ನಡಕ ಹುಡುಕುತ್ತಾರೆ.

“ಆ ಕೆಂಪು ಸ್ವೆಟರ್ ಮೊದಲು ತೆಗೀರಿ, ಅರ್ಧ ಪೆಟ್ಟಿಗೆ ಅದೇ ತಿಂದುಬಿಟ್ಟಿದೆ” ಎಂಬುದು ಮೊದಲ ತೀರ್ಪು. ಮಂಡಕ್ಕಿಯ ದೊಡ್ಡ ಪೊಟ್ಟಣ ಎರಡನೆಯದು. ಕಾಲುಚೀಲ ಮತ್ತು ಒಳಉಡುಪುಗಳ ಗಂಟು ಮೂರನೆಯದು. “ಇಷ್ಟೊಂದು ಯಾಕೆ, ಅಲ್ಲಿ ವಾಷಿಂಗ್ ಮೆಷಿನ್ ಇರುತ್ತಪ್ಪ” ಎಂಬ ಟಿಪ್ಪಣಿಯೂ ಅದಕ್ಕೆ ಲಗತ್ತಾಗಿರುತ್ತದೆ. ಮೂರನ್ನೂ ತೆಗೆದು ತೂಗಿದಾಗ ಸ್ವೆಟರ್ 400 ಗ್ರಾಂ, ಮಂಡಕ್ಕಿ 250, ಗಂಟು 300, ಒಟ್ಟು 950 ಗ್ರಾಂ ಮಾತ್ರ ಇಳಿದಿರುತ್ತದೆ. ಪೆಟ್ಟಿಗೆಯಲ್ಲಿ ಮಾತ್ರ ಮೊಲ ಓಡಾಡುವಷ್ಟು ಜಾಗ ಬಿಟ್ಟಿರುವುದರಿಂದ, ಆ ಜಾಗವನ್ನು ಕಂಡ ತಾಯಿ ಅಲ್ಲಿಗೊಂದು ಕಿಲೋ ಸಾರಿನಪುಡಿಯನ್ನು ಸೇರಿಸಲು ನೋಡುತ್ತಾಳೆ.

ದೋಷವಿರುವುದು ದೊಡ್ಡಪ್ಪನವರ ಬುದ್ಧಿಯಲ್ಲಲ್ಲ, ಅವರ ಸಾಧನದಲ್ಲಿ. ಚಿತ್ರವು ವಸ್ತುವಿನ ಮೇಲ್ಮೈಯನ್ನು ತೋರಿಸುತ್ತದೆ, ತುಸು ಗಾತ್ರವನ್ನೂ ಊಹಿಸಗೊಡುತ್ತದೆ. ಸಾಂದ್ರತೆಯನ್ನು, ಅಂದರೆ ಅಷ್ಟೇ ಜಾಗದಲ್ಲಿ ಎಷ್ಟು ದ್ರವ್ಯ ಅಡಗಿದೆ ಎಂಬುದನ್ನು, ಅದು ಹೇಳಲಾರದು. ಉಣ್ಣೆ ಮತ್ತು ಮಂಡಕ್ಕಿ ಬಹುಪಾಲು ಗಾಳಿಯಾಗಿರುವುದರಿಂದ ಕಣ್ಣಿಗೆ ತುಂಬಿ ಕಂಡು ಕೈಗೆ ಹಗುರಾಗುತ್ತವೆ, ಪುಡಿ, ಪುಸ್ತಕ ಮತ್ತು ಲೋಹಗಳು ಮೂಲೆಯಲ್ಲಿ ಸಾಧುಗಳಂತೆ ಕುಳಿತಿರುತ್ತವೆ. ಸಾಲದ್ದಕ್ಕೆ ಚಿತ್ರದಲ್ಲಿ ಕಾಣುವ ಪ್ರೆಶರ್ ಕುಕ್ಕರಿನ ಮುಚ್ಚಳದೊಳಗೆ ಏನಿದೆಯೆಂಬುದು ತಾಯಿಗೆ ಮಾತ್ರ ಗೊತ್ತು. ಅಲ್ಲಿ 700 ಗ್ರಾಂ ಚಟ್ನಿಪುಡಿಯಿದೆ.

ದೊಡ್ಡಪ್ಪನವರ ಮುಂದಿನ ಸಲಹೆ ಗಾಳಿ ಹೀರುವ ಪ್ಲಾಸ್ಟಿಕ್ ಚೀಲ. ಬಟ್ಟೆಯನ್ನು ಅದರಲ್ಲಿಟ್ಟು ಗಾಳಿಯನ್ನು ಹೊರಗೆಳೆದರೆ ರಜಾಯಿ ಕೂಡ ಹಪ್ಪಳದ ಹಾಗೆ ಆಗುವುದು ನಿಜ. ಆದರೆ ಹೊರಬಿದ್ದ ಗಾಳಿಯ ತೂಕವನ್ನು ಮನೆಯ ಯಾವ ಯಂತ್ರವೂ ತೋರಿಸದು. ಬಟ್ಟೆಯನ್ನು ಮಡಿಸುವ ಬದಲು ಸುರುಳಿ ಸುತ್ತುವ ಉಪಾಯಕ್ಕೂ ಇದೇ ಮಾತು ಸಲ್ಲುತ್ತದೆ. ಇವು ಪೆಟ್ಟಿಗೆ ಮುಚ್ಚದವರಿಗೆ ಹೇಳುವ ಉಪಾಯಗಳು, ತೂಕ ಮೀರಿದವರಿಗೆ ಹೇಳಿದರೆ ಉಳಿದ ಜಾಗದಲ್ಲಿ ಇನ್ನೆರಡು ಕಿಲೋ ಸೇರುವುದು ಖಚಿತ.

ಹುಡುಗನ ಅಕ್ಕ, ಗುಂಪಿನ ಚರ್ಚೆಯನ್ನು ಓದದೆ, ಅಡುಗೆಮನೆಯ ತಕ್ಕಡಿಯನ್ನು ತಂದು ಒಂದೊಂದನ್ನೇ ತೂಗುತ್ತಾಳೆ. ದಪ್ಪ ಟರ್ಕಿ ಟವೆಲ್ 550 ಗ್ರಾಂನಂತೆ ಎರಡಿವೆ. ಅವುಗಳ ಬದಲು 150 ಗ್ರಾಂನ ತೆಳು ಹತ್ತಿ ಟವೆಲೊಂದನ್ನು ಇಟ್ಟರೆ 950 ಗ್ರಾಂ ಉಳಿಯುತ್ತದೆ. ಎರಡು ಜೀನ್ಸ್‌ಗಳಲ್ಲಿ ಒಂದನ್ನು ಹುಡುಗ ತೊಟ್ಟು ಹೋದರೆ 650, ಬೂಟನ್ನು ಕಾಲಿಗೆ ಹಾಕಿಕೊಂಡರೆ 900, ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಿಂದ ಎರಡು ಪದರದ ಪೊಟ್ಟಣಕ್ಕೆ ಬದಲಿಸಿದರೆ 300. ಪುಸ್ತಕಗಳು 700 ಗ್ರಾಂ, ಪವರ್ ಬ್ಯಾಂಕ್ 400; ಇವೆರಡನ್ನು ವಿಮಾನದೊಳಗೆ ಜೊತೆಯಲ್ಲೇ ಒಯ್ಯುವ ಕ್ಯಾಬಿನ್ ಚೀಲಕ್ಕೆ ಸಾಗಿಸಿ, ಆ ಚೀಲ ತನ್ನ 7 ಕಿಲೋ ಮಿತಿಯೊಳಗೇ ಇದೆಯೆಂದು ಅವಳು ನೋಡಿಕೊಳ್ಳುತ್ತಾಳೆ. ಎಲ್ಲ ಸೇರಿ ಸರಿಯಾಗಿ 3.9 ಕಿಲೋ. ಕುಕ್ಕರೂ ಚಟ್ನಿಪುಡಿಯೂ ಕದಲಲಿಲ್ಲ. ಸ್ವೆಟರು, ಮಂಡಕ್ಕಿ, ಕಾಲುಚೀಲಗಳು ಮರಳಿ ಒಳಗೆ ಹೋದವು.

ಪವರ್ ಬ್ಯಾಂಕಿನ ವಿಷಯದಲ್ಲಿ ದೊಡ್ಡಪ್ಪನವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು, ಏಕೆಂದರೆ ಅದನ್ನು ಚಿತ್ರದ ಮೂಲೆಯಲ್ಲಿ ಗುರುತಿಸಿದವರು ಅವರೇ. ಲಿಥಿಯಂ ಬ್ಯಾಟರಿ ಬಿಸಿಯೇರಿ ಹೊತ್ತಿಕೊಂಡರೆ ವಿಮಾನದ ಹೊಟ್ಟೆಯಲ್ಲಿ ಅದನ್ನು ಆರಿಸಲು ಯಾರೂ ಇರುವುದಿಲ್ಲವಾದ್ದರಿಂದ, ಚೆಕ್-ಇನ್ ಲಗೇಜಿನಲ್ಲಿ ಪವರ್ ಬ್ಯಾಂಕಿಗೆ ಪ್ರವೇಶವಿಲ್ಲ. ಪೆಟ್ಟಿಗೆಯೊಳಗೆ ಏನಿರಬಾರದೆಂದು ಹುಡುಕಲು ಚಿತ್ರ ನಿಜಕ್ಕೂ ಒಳ್ಳೆಯ ಸಾಧನ. ಆದರೆ ಈ ಸಣ್ಣ ಗೆಲುವಿನಿಂದ ತೃಪ್ತರಾಗದ ಅವರು, “ಈಗ ಎಷ್ಟಾಯ್ತು?” ಎಂದು ಕೇಳಿ, 22.5 ಎಂಬ ಉತ್ತರ ಬಂದೊಡನೆ, “ನಾನು ಹೇಳಿರಲಿಲ್ಲವೇ, ಆ ಸ್ವೆಟರಿನದೇ ಭಾರ” ಎಂದು ಹೆಬ್ಬೆರಳಿನ ಚಿಹ್ನೆಯೊಂದಿಗೆ ಚರ್ಚೆಯನ್ನು ಮುಕ್ತಾಯಗೊಳಿಸುತ್ತಾರೆ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರವಾದ ವಸ್ತುವನ್ನು ಆ ರಾತ್ರಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದು ಖಾಲಿ ಸೂಟ್‌ಕೇಸು, ತೂಕ 5.8 ಕಿಲೋ. ಅದೇ ಅಳತೆಯ ಹಗುರ ಪೆಟ್ಟಿಗೆಗಳು 4 ಕಿಲೋ ಆಸುಪಾಸಿನಲ್ಲಿ ಅಂಗಡಿಯಲ್ಲಿ ಸಿಗುತ್ತವೆ. ಈ ಪೆಟ್ಟಿಗೆಯನ್ನು ಹುಡುಗನಿಗೆ ಕೊಟ್ಟವರು ದೊಡ್ಡಪ್ಪನವರು.