ಶೇಂಗಾದ ಮೂರು ನಿಮಿಷ

ಮಹಾಪ್ರಬಂಧವನ್ನು ಮೂರು ನಿಮಿಷಕ್ಕೆ ಇಳಿಸುವ ಸ್ಪರ್ಧೆ ಹುಟ್ಟಿದ್ದು ಬಚ್ಚಲುಮನೆಯಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಬರ ಬಿದ್ದಾಗ ಜನ ಮೂರು ನಿಮಿಷದ ಮರಳುಗಡಿಯಾರವನ್ನು ಬಚ್ಚಲ ಗೋಡೆಗೆ ಅಂಟಿಸಿಕೊಂಡು, ಮರಳು ಇಳಿಯುವುದರೊಳಗೆ ಸ್ನಾನ ಮುಗಿಸುತ್ತಿದ್ದರಂತೆ. ಸಂಶೋಧಕರ ಮಾತಿಗೂ ಇದನ್ನೇ ಹಚ್ಚಬಹುದಲ್ಲ ಎಂದು ಅಲ್ಲಿನ ವಿಶ್ವವಿದ್ಯಾಲಯದ ಅಲನ್ ಲಾಸನ್ ಅವರಿಗೆ ಹೊಳೆಯಿತು. 2008ರಲ್ಲಿ ಮೊದಲ ಸ್ಪರ್ಧೆ ನಡೆಯಿತು. ಒಂದೇ ಸ್ಲೈಡು, ಅದೂ ಅಲುಗಾಡಬಾರದು. ಕೈಯಲ್ಲಿ ಯಾವ ವಸ್ತುವೂ ಇರಬಾರದು. ಹಾಡಿಲ್ಲ, ಪದ್ಯವಿಲ್ಲ. ಮೂರು ನಿಮಿಷ ದಾಟಿದರೆ ಹೊರಗೆ. ಬರದಿಂದ ಹುಟ್ಟಿದ್ದು ಎಂದ ಕೂಡಲೇ ಕೊಟ್ಟೂರಿನವನಾದ ನನಗೆ ಇದು ನಮ್ಮ ಬಳಗದ್ದೇ ಅನ್ನಿಸಿತು.

ನನ್ನ ಅಕ್ಕನ ಮಗಳದು ಶೇಂಗಾದ ಮೇಲೆ ಪಿಎಚ್‌.ಡಿ. ಕೆಂಪು ನೆಲದ ಮಳೆಯಾಶ್ರಿತ ಶೇಂಗಾಕ್ಕೆ ಜಿಪ್ಸಂ ಹಾಕಿದರೆ ಕಾಯಿ ಹೇಗೆ ತುಂಬುತ್ತದೆ ಎಂಬುದು ವಿಷಯ. ಈ ಸ್ಪರ್ಧೆಗೆಂದು ಆಕೆ ಬರೆದು ತಂದ ಮೊದಲ ಭಾಷಣದಲ್ಲಿ ವೇದಿಕೆಯ ಗಣ್ಯರಿಗೆ ನಮಸ್ಕಾರ, ಪ್ರಬಂಧದ ಪೂರ್ಣ ಶೀರ್ಷಿಕೆ, ಹಿಂದಿನವರು ಮಾಡಿದ ಅಧ್ಯಯನ, ಇಷ್ಟಕ್ಕೇ ಒಂದು ನಿಮಿಷ ಹೋಯಿತು. ಶೇಂಗಾ ಇನ್ನೂ ಬಿತ್ತಿರಲೇ ಇಲ್ಲ. ನಾನು ಗಡಿಯಾರ ಹಿಡಿದು ಕೂತಿದ್ದೆ, ಅಕ್ಕ ಕಾಯಿ ಸುಲಿಯುತ್ತಿದ್ದಳು. ಮೂರನೆಯ ನಿಮಿಷಕ್ಕೆ ಅಕ್ಕನ ತಾಳ್ಮೆ ತೀರಿತು: “ಬಳ್ಳಿ ಹಸರಾಗಿರತೈತಿ, ಕಿತ್ತರೆ ಕಾಯಿ ಜೊಳ್ಳು. ಅದು ಯಾಕ ಅಂತ ಹೇಳ್ತೀಯೋ ಇಲ್ಲೋ?”

ಭಾಷಣದ ಮೊದಲ ಸಾಲು ಸಿಕ್ಕಿತು. ನಮಸ್ಕಾರ ಹೋಯಿತು, ಶೀರ್ಷಿಕೆ ಹೋಯಿತು. ನೆನಪಿನಿಂದ ನಿಧಾನವಾಗಿ ಹೇಳಿದರೆ ಆಕೆಗೆ ನಿಮಿಷಕ್ಕೆ ನೂರು ಪದದ ಮೇಲೆ ಬರುತ್ತಿರಲಿಲ್ಲ. ಉಸಿರಿಗೆ, ಸಭೆಯ ನಗುವಿಗೆ ಹತ್ತು ಸೆಕೆಂಡು ಬಿಟ್ಟರೆ ಉಳಿದದ್ದು ಮುನ್ನೂರರೊಳಗೆ.

ಅದರಲ್ಲಿ ಹೆಚ್ಚಿನ ಪಾಲು ಅಕ್ಕನ ಪ್ರಶ್ನೆಗೇ ಕೊಟ್ಟೆವು. ಶೇಂಗಾದ ಹೂ ಅರಳುವುದು ಮೇಲೆ. ಆಮೇಲೆ ಅದರಿಂದ ಸೂಜಿಯಂಥ ಕಡ್ಡಿಯೊಂದು ಇಳಿದು ಮಣ್ಣು ಹೊಕ್ಕು, ತುದಿಯಲ್ಲಿ ಕಾಯಿ ಕಟ್ಟುತ್ತದೆ. ಬೇರು ಹೀರಿದ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ನೀರಿನ ಜೊತೆ ಮೇಲೇರಿ ಎಲೆ ಸೇರುತ್ತದೆ. ಅಲ್ಲಿಂದ ಕೆಳಗಿಳಿದು ಕಾಯಿಗೆ ಬರುವುದಿಲ್ಲವೆಂದೇ ಹೇಳಬೇಕು. ಮೇಲೆ ಓದಲು ಹೋದ ಮಗ ಊರಿಗೆ ದುಡ್ಡು ಕಳಿಸದ ಹಾಗೆ. ಹಾಗಾಗಿ ಕಾಯಿ ತನ್ನ ಸುತ್ತಲ ಮಣ್ಣಿನಿಂದ ತಾನೇ ಹೀರಬೇಕು. ಅಲ್ಲಿ ಇಲ್ಲದಿದ್ದರೆ ಬಳ್ಳಿ ನಳನಳಿಸುತ್ತದೆ, ಕಾಯಿ ಜೊಳ್ಳಾಗುತ್ತದೆ. ಗುರುತಿಗೆ, ಅದೇ ಬಳ್ಳಿಯಲ್ಲಿ ತುಂಬಿದ ಒಂದು ಕಾಳನ್ನು ಎರಡು ಹೋಳು ಮಾಡಿ: ಒಳಗಿನ ಮೊಳಕೆ ಕಪ್ಪಾಗಿದ್ದರೆ ಸುಣ್ಣದ ಕೊರತೆ ಎಂದು ಅನುಮಾನಿಸಬಹುದು. ಹೂ ಬಿಡುವ ಹೊತ್ತಿಗೆ, ಬಿತ್ತಿದ ತಿಂಗಳಿಗೆ ತುಸು ಆಚೀಚೆ, ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಬಳ್ಳಿಯ ಬುಡಕ್ಕೆ ಹಾಕಿ ಎಂಬ ಶಿಫಾರಸು ಇದೇ ಕಾರಣಕ್ಕೆ.

ವಿಧಾನ, ಕೋಷ್ಟಕ, ಸಂಖ್ಯಾಶಾಸ್ತ್ರ ಎಲ್ಲ ಒಂದೇ ವಾಕ್ಯಕ್ಕೆ ಇಳಿದವು. ವರ್ಷಗಟ್ಟಲೆ ಬಿಸಿಲಲ್ಲಿ ಕಾಯಿ ಎಣಿಸಿದವಳ ಮುಖ ನೋಡಲಾಗಲಿಲ್ಲ. ನಾನು ಗಡಿಯಾರ ನೋಡಿದೆ.

ಆದರೂ ಹನ್ನೆರಡು ಸೆಕೆಂಡು ಹೆಚ್ಚಾಗುತ್ತಿತ್ತು. ಕೊನೆಗೊಂದು ವಾಕ್ಯವಿತ್ತು: ಮೇಲ್ಮಣ್ಣು ಒಣಗಿದ್ದರೆ ಜಿಪ್ಸಂ ಕರಗದು, ಕರಗದ್ದು ಕಾಯಿಯೊಳಗೆ ಹೋಗದು, ಮಳೆ ಕೈಕೊಟ್ಟರೆ ಅದು ಬಿದ್ದಲ್ಲೇ ಬಿದ್ದಿರುತ್ತದೆ. ಇದನ್ನು ತೆಗೆದರೆ ಲೆಕ್ಕ ಸರಿಹೋಗುತ್ತದೆ ಎಂದೆ. ಆಕೆ ಒಪ್ಪಲಿಲ್ಲ. “ಮಾಮ, ಇದನ್ನ ತಗದ್ರೆ ನಾನು ಗೊಬ್ಬರದ ಅಂಗಡಿ ಜಾಹೀರಾತು ಹೇಳಿದಂಗ ಆಗತೈತಿ.” ಅದು ನಿಜ. ಸಂಶೋಧನೆಯಲ್ಲಿ ಆಕೆಯ ಸ್ವಂತದ್ದು ಅಂತ ಇದ್ದದ್ದೇ ಆ ತೇವದ ಭಾಗ. ಮಿಕ್ಕದ್ದು ಪಠ್ಯಪುಸ್ತಕದಲ್ಲಿ ಆಗಲೇ ಇದೆ. ಕೊನೆಗೆ ನಾನು ಸೇರಿಸಿದ್ದ ಕೊಟ್ಟೂರು ಮಂಡಕ್ಕಿ-ಮೆಣಸಿನಕಾಯಿಯ ಜೋಕು ಹೋಯಿತು. ಅದು ಒಳ್ಳೆಯ ಜೋಕೇ ಆಗಿತ್ತು ಎಂದು ಈಗಲೂ ಹೇಳುತ್ತೇನೆ.

ಕೊನೆಯ ಸಲ ಹೇಳಿದಾಗ ಎರಡು ನಿಮಿಷ ಐವತ್ತು ಸೆಕೆಂಡು. ಅಕ್ಕ ಸುಲಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

“ಹಂಗಾದ್ರ ಈ ಸಲ ಜಿಪ್ಸಂ ತರಿಸಾಣೇನು?”

“ಮೊದ್ಲು ಮಣ್ಣು ಪರೀಕ್ಷೆ ಮಾಡ್ಸವ್ವ. ನಮ್ಮ ಹೊಲದಾಗ ಸುಣ್ಣ ಸಾಕಷ್ಟು ಇದ್ರೆ ಹಾಕಿದ್ದು ದಂಡ.”

“ಮತ್ತ ಇದನ್ನ ಭಾಷಣದಾಗ ಹೇಳ್ಲೇ ಇಲ್ಲ?”

“ಟೈಮ್ ಆತಲ್ಲವ್ವ.”